ಕಳೆದ ಅಂಕಪಟ್ಟಿಗೆ ಅರ್ಜಿ ಬರೆಯುವಾಗ

ಬೆಂಗಳೂರಿನ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಗೆಳೆಯರೊಬ್ಬರು ದಾವಣಗೆರೆಯಿಂದ ವಾಪಸ್ ಬರುವಾಗ ಬಸ್ಸಿನಲ್ಲೇ ಫೈಲು ಬಿಟ್ಟು ಇಳಿದರು. ಬಿ.ಎಸ್ಸಿ.ಯ ಮೂರೂ ವರ್ಷದ ಮಾರ್ಕ್ಸ್ ಕಾರ್ಡುಗಳು ಅದರಲ್ಲಿದ್ದವು. ಹೊಸ ಕೆಲಸಕ್ಕೆ ಮೂಲ ಪ್ರತಿ ತೋರಿಸಲೇಬೇಕಿತ್ತು. ಅವತ್ತು ರಾತ್ರಿಯೇ ಒಂದೂವರೆ ಪುಟದ ಅರ್ಜಿ ಬರೆದು ನನಗೆ ಕಳಿಸಿದರು. ಇಪ್ಪತ್ತು ವರ್ಷದ ಅನುಭವ, ಈಗಿನ ಹುದ್ದೆ, ಕೈತಪ್ಪಲಿರುವ ಅವಕಾಶ ಎಲ್ಲವನ್ನೂ ಬರೆದಿದ್ದರು. ರಿಜಿಸ್ಟರ್ ನಂಬರು ಮಾತ್ರ ಇರಲಿಲ್ಲ.

ಅರ್ಜಿ ಕೊನೆಗೆ ಹೋಗಿ ಸೇರುವುದು ಪರೀಕ್ಷಾ ವಿಭಾಗದ ಒಬ್ಬ ಗುಮಾಸ್ತರ ಮೇಜಿಗೆ. ಹಳೆಯ ವರ್ಷಗಳ ಫಲಿತಾಂಶ ದಪ್ಪ ಲೆಡ್ಜರುಗಳಲ್ಲಿರುತ್ತದೆ. ಅವನ್ನು ಜೋಡಿಸಿಟ್ಟಿರುವುದು ಕೋರ್ಸು, ಪರೀಕ್ಷೆ ನಡೆದ ತಿಂಗಳು ಮತ್ತು ವರ್ಷ, ರಿಜಿಸ್ಟರ್ ನಂಬರು ಇವುಗಳ ಪ್ರಕಾರ. ಹೆಸರು ಹಿಡಿದು ಹುಡುಕಲು ಹೊರಟರೆ ಸಾವಿರಾರು ಸಾಲುಗಳ ಮೇಲೆ ಬೆರಳಾಡಿಸಬೇಕು. ಅರ್ಜಿ ಓದಿದವರಿಗೆ ಯಾವ ಲೆಡ್ಜರು, ಯಾವ ಪುಟ ಎಂಬುದು ಕೂಡಲೇ ತಿಳಿಯಬೇಕು. ಅರ್ಜಿಯ ಮುಖ್ಯ ಕೆಲಸ ಅದೇ.

ಅದಕ್ಕೂ ಮೊದಲು ಅರ್ಜಿ ಸರಿಯಾದ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಗೆಳೆಯರು ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಬರೆದಿದ್ದರು. ಆದರೆ ಅವರು ಪಾಸಾದದ್ದು 2001ರಲ್ಲಿ. ದಾವಣಗೆರೆ ವಿಶ್ವವಿದ್ಯಾಲಯ ಶುರುವಾದದ್ದು 2009ರಲ್ಲಿ. ಅಲ್ಲಿಯವರೆಗೆ ಅಲ್ಲಿನ ಪದವಿ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ತುಮಕೂರಿನಲ್ಲಿ 2004ಕ್ಕೆ ಮುಂಚೆ ಪದವಿ ಮುಗಿಸಿದವರು ಬೆಂಗಳೂರು ವಿಶ್ವವಿದ್ಯಾಲಯಕ್ಕೇ ಬರೆಯಬೇಕು. ಕಾಲೇಜು ಇವತ್ತು ಯಾರ ವ್ಯಾಪ್ತಿಯಲ್ಲಿದ್ದರೂ ಕಾರ್ಡಿನ ತಲೆಯ ಮೇಲೆ ಅಂದು ಯಾರ ಹೆಸರಿತ್ತೋ ಅವರನ್ನೇ ಕೇಳಬೇಕು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪರೀಕ್ಷೆಯ ಹೊಣೆ ಹೊತ್ತವರು ಕುಲಸಚಿವರು (ಮೌಲ್ಯಮಾಪನ). ಅರ್ಜಿಯನ್ನು ಅವರ ಹೆಸರಿಗೇ ಬರೆಯಬೇಕು.

ಕಾರ್ಡೇ ಕಳೆದಿರುವಾಗ ನಂಬರು ಎಲ್ಲಿಂದ ತರುವುದು? ಘಟಿಕೋತ್ಸವದ ಪದವಿ ಪತ್ರ ಇದ್ದರೆ ಅದನ್ನೊಮ್ಮೆ ನೋಡಿ. ಮೊದಲ ಕೆಲಸಕ್ಕೆ ಸೇರಿದಾಗ ಕೊಟ್ಟ ಜೆರಾಕ್ಸ್ ಪ್ರತಿಗಳು ಆ ಕಂಪನಿಯ ಫೈಲಿನಲ್ಲಿ ಉಳಿದಿರಬಹುದು. ಎರಡೂ ಸಿಗದಿದ್ದರೆ ಓದಿದ ಕಾಲೇಜಿನ ಕಚೇರಿಗೇ ಹೋಗಿ ಹಳೆಯ ದಾಖಲೆ ತೆಗೆಸಬೇಕು. ನಮ್ಮ ಗೆಳೆಯರಿಗೆ ನಂಬರು ಸಿಕ್ಕಿದ್ದು ಹಳೆಯ ಕಂಪನಿಯಲ್ಲಿದ್ದ ಒಂದು ಮಸುಕಾದ ಜೆರಾಕ್ಸ್ ಪ್ರತಿಯಲ್ಲಿ.

ಅದೇ ಪ್ರತಿಯಿಂದ ಇನ್ನೊಂದು ಸಂಗತಿಯೂ ಹೊರಬಿತ್ತು. ಎರಡನೇ ವರ್ಷದಲ್ಲಿ ಗಣಿತ ಬಾಕಿ ಉಳಿದು ಅದನ್ನು ಅಕ್ಟೋಬರಿನಲ್ಲಿ ಮತ್ತೆ ಬರೆದು ಪಾಸು ಮಾಡಿದ್ದರು. ಅಲ್ಲಿಗೆ ಆ ವರ್ಷಕ್ಕೆ ಎರಡು ಕಾರ್ಡುಗಳು, ಎರಡು ಬೇರೆ ಲೆಡ್ಜರುಗಳು. ‘ಮೂರು ವರ್ಷದ ಅಂಕಪಟ್ಟಿ ಕೊಡಿ’ ಎಂದಷ್ಟೇ ಬರೆದಿದ್ದರೆ ಒಂದು ಕಾರ್ಡು ಉಳಿದುಹೋಗುತ್ತಿತ್ತು. ಶುಲ್ಕವೂ ಕಾರ್ಡಿಗಿಷ್ಟು ಎಂದಿದ್ದದ್ದರಿಂದ ಕಟ್ಟುವ ಹಣದ ಲೆಕ್ಕವೂ ತಪ್ಪುತ್ತಿತ್ತು.

ತಿದ್ದಿ ಬರೆದ ಅರ್ಜಿಯ ಒಡಲು ಇಷ್ಟೇ:

‘ಮಾನ್ಯರೇ, ನಾನು ದಾವಣಗೆರೆಯ ಈ ಕಾಲೇಜಿನಲ್ಲಿ 1998ರಿಂದ 2001ರವರೆಗೆ ಬಿ.ಎಸ್ಸಿ. ಓದಿರುತ್ತೇನೆ. ನನ್ನ ರಿಜಿಸ್ಟರ್ ಸಂಖ್ಯೆ ಇಂತಿದೆ. ಈ ಕೆಳಗಿನ ನಾಲ್ಕು ಅಂಕಪಟ್ಟಿಗಳು ಪ್ರಯಾಣದಲ್ಲಿ ಕಳೆದುಹೋಗಿವೆ: ಪ್ರಥಮ ವರ್ಷ, ಏಪ್ರಿಲ್ 1999, ದ್ವಿತೀಯ ವರ್ಷ, ಏಪ್ರಿಲ್ 2000, ದ್ವಿತೀಯ ವರ್ಷ ಗಣಿತ, ಅಕ್ಟೋಬರ್ 2000, ತೃತೀಯ ವರ್ಷ, ಏಪ್ರಿಲ್ 2001. ಉದ್ಯೋಗದ ದಾಖಲೆ ಪರಿಶೀಲನೆಗೆ ಇವು ಬೇಕಾಗಿರುವುದರಿಂದ ದ್ವಿಪ್ರತಿ ಕೊಡಿಸಬೇಕೆಂದು ಕೋರುತ್ತೇನೆ. ಮೂಲ ಪ್ರತಿಗಳು ಮುಂದೆ ಸಿಕ್ಕಲ್ಲಿ ಕಚೇರಿಗೆ ಒಪ್ಪಿಸುತ್ತೇನೆ.’

ಕೆಳಗೆ ವಿಳಾಸ, ಮೊಬೈಲ್ ನಂಬರು, ಸಹಿ, ಲಗತ್ತುಗಳ ಪಟ್ಟಿ. ಉದ್ಯೋಗದ ವಿಷಯಕ್ಕೆ ಒಂದೇ ವಾಕ್ಯ ಸಾಕಾಯಿತು.

ಲಗತ್ತುಗಳಲ್ಲಿ ಸಾಮಾನ್ಯವಾಗಿ ಪೊಲೀಸರ ಸ್ವೀಕೃತಿ, ನೋಟರಿ ಮುಂದೆ ಮಾಡಿಸಿದ ಪ್ರಮಾಣಪತ್ರ, ಶುಲ್ಕದ ರಸೀದಿ, ಗುರುತಿನ ಚೀಟಿ ಇರುತ್ತವೆ. ಅರ್ಜಿಗಳು ವಾಪಸಾಗುವುದು ಹೆಚ್ಚಾಗಿ ಇವು ಒಂದಕ್ಕೊಂದು ತಾಳೆಯಾಗದಿದ್ದಾಗ. ಪೊಲೀಸರಿಗೆ ಕೊಟ್ಟ ದೂರಿನಲ್ಲಿ ‘ಕೆಲವು ದಾಖಲೆಗಳು’ ಎಂದಿದ್ದು ಪ್ರಮಾಣಪತ್ರದಲ್ಲಿ ನಾಲ್ಕು ಕಾರ್ಡು ಎಂದಿದ್ದರೆ ಪ್ರಶ್ನೆ ಏಳುತ್ತದೆ. ಇ-ಲಾಸ್ಟ್‌ನಲ್ಲಿ ದೂರು ದಾಖಲಿಸುವಾಗಲೇ ಪ್ರತಿ ಕಾರ್ಡನ್ನೂ ಬಿಡಿಬಿಡಿಯಾಗಿ ಬರೆಯುವುದು ಒಳ್ಳೆಯದು. ಇನಿಷಿಯಲ್ಲಿನ ವಿಚಾರವೂ ಹೀಗೇ. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದ್ದು ಕಾರ್ಡಿನಲ್ಲಿ ಒಂದೇ ಅಕ್ಷರ ಇದ್ದರೆ, ಎರಡೂ ಹೆಸರು ಒಬ್ಬರದೇ ಎಂದು ಪ್ರಮಾಣಪತ್ರದಲ್ಲೇ ಹೇಳಿಸಬೇಕು. ದ್ವಿಪ್ರತಿಯಲ್ಲಿ ಹೆಸರು ಬರುವುದು ಲೆಡ್ಜರಿನಲ್ಲಿದ್ದಂತೆಯೇ. ಹೆಸರು ತಿದ್ದಿಸಲು ಬೇರೆ ಅರ್ಜಿ ಬೇಕು.

ವಿದೇಶಕ್ಕೆ ಹೊರಟವರು ಒಂದು ಮಾತು ಮೊದಲೇ ವಿಚಾರಿಸಿಕೊಳ್ಳಲಿ. ಅಲ್ಲಿಯವರು ಎಷ್ಟೋ ಸಲ ಕೇಳುವುದು ವಿಶ್ವವಿದ್ಯಾಲಯವೇ ಮುಚ್ಚಿ ಮೊಹರು ಹಾಕಿ ಕಳಿಸುವ ಟ್ರಾನ್ಸ್‌ಕ್ರಿಪ್ಟನ್ನು. ಅದಕ್ಕೆ ಅರ್ಜಿ ಬೇರೆ, ಶುಲ್ಕ ಬೇರೆ.

ಗೆಳೆಯರು ತಾವೇ ಶಂಕರಘಟ್ಟಕ್ಕೆ ಹೋಗಿ ಕಾರ್ಡು ತಂದರು. ಕೌಂಟರಿನ ಮುಂದೆ ನಿಂತೇ ನಾಲ್ಕನ್ನೂ ಆ ಮಸುಕು ಜೆರಾಕ್ಸಿನ ಜೊತೆ ಸಾಲುಸಾಲಾಗಿ ತಾಳೆ ನೋಡಿದರಂತೆ. ಅಕ್ಟೋಬರ್ 2000ರ ಕಾರ್ಡಿನಲ್ಲಿ ತಿಂಗಳು ಏಪ್ರಿಲ್ ಎಂದು ಅಚ್ಚಾಗಿತ್ತು. ಅಲ್ಲೇ ತೋರಿಸಿದ್ದರಿಂದ ಅವತ್ತು ಮಧ್ಯಾಹ್ನವೇ ತಿದ್ದಿ ಕೊಟ್ಟರು.