ಒಂದೇ ಸೆಟ್ ಟಾಪ್ ಬಾಕ್ಸ್, ಎರಡು ರೂಮಲ್ಲಿ ಟಿವಿ: ವೈರ್ ಎಳೆಯೋ ಮುಂಚೆ ಇದನ್ನ ಓದಿ

ಹಾಲ್‌ನಲ್ಲಿ ಒಂದು ಟಿವಿ, ಹಿಂದಿನ ರೂಮಲ್ಲಿ ಅಜ್ಜಿಗೆ ಅಂತ ಇನ್ನೊಂದು ಹಳೇ ಟಿವಿ. ಬಾಕ್ಸ್ ಮಾತ್ರ ಒಂದೇ. ಎರಡನೇ ಕನೆಕ್ಷನ್‌ಗೆ ತಿಂಗಳಾ ತಿಂಗಳಾ ದುಡ್ಡು ಕಟ್ಟೋದು ಯಾಕೆ, ಒಂದು ಸ್ಪ್ಲಿಟರ್ ಹಾಕಿದ್ರೆ ಆಯ್ತಲ್ಲ ಅಂತ ತುಂಬಾ ಜನ ಅಂದ್ಕೊಳ್ತಾರೆ. ಆಗುತ್ತೆ, ಆದರೆ ಸ್ಪ್ಲಿಟರ್ ಎಲ್ಲಿ ಹಾಕ್ತೀರಿ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಬಾಕ್ಸ್‌ಗೆ ಮುಂಚೆ ಅಲ್ಲ, ಬಾಕ್ಸ್ ಆದಮೇಲೆ

ಡಿಶ್‌ನಿಂದ ಅಥವಾ ಕೇಬಲ್‌ನಿಂದ ಬರೋ ವೈರ್‌ನಲ್ಲಿ ಇರೋದು ಬೀಗ ಹಾಕಿದ ಸಿಗ್ನಲ್. ಆ ಬೀಗ ತೆಗೆಯೋದು ಬಾಕ್ಸ್ ಮತ್ತು ಅದರ ಕಾರ್ಡ್. ಹಾಗಾಗಿ ಆ ವೈರ್ ಕತ್ತರಿಸಿ ಹಳೇ ಕೇಬಲ್ ಸ್ಪ್ಲಿಟರ್ ಹಾಕಿ, ಒಂದು ತುದಿಯನ್ನ ನೇರ ಎರಡನೇ ಟಿವಿಗೆ ಚುಚ್ಚಿದ್ರೆ ಪೇ ಚಾನೆಲ್ ಬರಲ್ಲ. ಕೆಲವು ಬಾಕ್ಸ್ ಹಿಂದೆ ‘ಲೂಪ್’ ಅಂತ ಇನ್ನೊಂದು ತೂತು ಇರುತ್ತೆ. ಅದರಲ್ಲೂ ಹೊರಗೆ ಬರೋದು ಅದೇ ಬೀಗ ಹಾಕಿದ ಸಿಗ್ನಲ್. ಅದು ಎರಡನೇ ಬಾಕ್ಸ್‌ಗೆ ಉಪಯೋಗ, ಟಿವಿಗೆ ಅಲ್ಲ.

ಬೀಗ ತೆಗೆದ ಚಿತ್ರ ಸಿಗೋದು ಬಾಕ್ಸ್‌ನಿಂದ ಟಿವಿಗೆ ಹೋಗೋ ಕಡೆ. ಅಲ್ಲಿ ಸಾಮಾನ್ಯವಾಗಿ ಎರಡು ದಾರಿ ಇರುತ್ತೆ. ಒಂದು ಎಚ್‌ಡಿಎಂಐ. ಇನ್ನೊಂದು ಹಳದಿ, ಕೆಂಪು, ಬಿಳಿ ಪಿನ್‌ಗಳ ಎವಿ. ಕೆಲವು ಬಾಕ್ಸ್‌ಗಳಲ್ಲಿ ಎವಿಗೆ ಇಯರ್‌ಫೋನ್ ತೂತಿನ ಥರ ಒಂದೇ ಸಣ್ಣ ತೂತು ಇರುತ್ತೆ.

ಇನ್ನೊಂದು ಮಾತು ಮೊದಲೇ ಗೊತ್ತಿರಲಿ. ಬಾಕ್ಸ್ ಒಂದೇ ಆದ್ರೆ ಚಾನೆಲ್ಲೂ ಒಂದೇ. ಹಾಲ್‌ನಲ್ಲಿ ಕ್ರಿಕೆಟ್ ಹಾಕಿದ್ರೆ ಅಜ್ಜಿ ರೂಮಲ್ಲೂ ಕ್ರಿಕೆಟ್ಟೇ. ಸಂಜೆ ಸೀರಿಯಲ್ ಹೊತ್ತಿಗೆ ಮನೇಲಿ ಜಗಳ ಆಗುತ್ತೆ ಅನ್ನೋದಾದ್ರೆ ಯಾವ ಸ್ಪ್ಲಿಟರ್ರೂ ಅದನ್ನ ಬಿಡಿಸಲ್ಲ, ಎರಡನೇ ಬಾಕ್ಸ್ ತಗೊಳ್ಳೋದೇ ಸರಿ.

ಮೊದಲು ಖರ್ಚಿಲ್ಲದ ಪರೀಕ್ಷೆ

ತುಂಬಾ ಬಾಕ್ಸ್‌ಗಳು ಎಚ್‌ಡಿಎಂಐ ಮತ್ತು ಎವಿ ಎರಡರಲ್ಲೂ ಒಟ್ಟಿಗೆ ಚಿತ್ರ ಕೊಡ್ತವೆ. ಅಂಥ ಬಾಕ್ಸ್ ಆದ್ರೆ ಸ್ಪ್ಲಿಟರ್ರೇ ಬೇಡ. ಹಾಲ್ ಟಿವಿಗೆ ಎಚ್‌ಡಿಎಂಐ ಇರಲಿ, ಹಿಂದಿನ ರೂಮಿಗೆ ಎವಿ ಹೋಗಲಿ.

ಇದನ್ನ ನೋಡೋಕೆ ಹಿಂದಿನ ರೂಮಿನ ಟಿವಿಯನ್ನೇ ಎತ್ಕೊಂಡು ಬಂದು ಬಾಕ್ಸ್ ಪಕ್ಕ ಇಡಿ. ಗಿಡ್ಡ ಎವಿ ವೈರ್ ಹಾಕಿ, ಎರಡೂ ಟಿವಿ ಆನ್ ಮಾಡಿ. ಚಿತ್ರ ಬಂದ್ರೆ ಮಾತ್ರ ಉದ್ದ ವೈರ್ ತರೋಕೆ ಹೋಗಿ. ಸಣ್ಣ ತೂತಿನ ಬಾಕ್ಸ್‌ನಲ್ಲಿ ಚಿತ್ರ ಬರದೆ ಬರೀ ಗುಂಯ್ ಅಂತ ಸದ್ದು ಬಂದ್ರೆ ಬಾಕ್ಸ್ ಕೆಟ್ಟಿದೆ ಅಂತಲ್ಲ. ಆ ವೈರ್‌ಗಳಲ್ಲಿ ಪಿನ್‌ಗಳ ಕ್ರಮ ಒಂದೊಂದು ಕಂಪನಿದು ಒಂದೊಂದು ಥರ. ಟಿವಿ ಕಡೆ ಬಣ್ಣ ಅದಲು ಬದಲು ಮಾಡಿ ನೋಡಿ.

ಎವಿಯಲ್ಲಿ ಎಚ್‌ಡಿ ಚಿತ್ರ ಬರಲ್ಲ. 24 ಇಂಚಿನ ಟಿವಿಯಲ್ಲಿ ಸೀರಿಯಲ್ ನೋಡೋಕೆ ತೊಂದರೆ ಇಲ್ಲ, ನ್ಯೂಸ್ ಚಾನೆಲ್‌ನ ಕೆಳಗೆ ಓಡೋ ಸಣ್ಣ ಅಕ್ಷರ ಮಾತ್ರ ಮಸುಕಾಗಿ ಕಾಣುತ್ತೆ.

ಎಚ್‌ಡಿ ಬೇಕಂದ್ರೆ ಸ್ಪ್ಲಿಟರ್

ಅಂಗಡೀಲಿ ಕೇಳುವಾಗ ‘ಸ್ಪ್ಲಿಟರ್’ ಅಂತಲೇ ಕೇಳಿ. ನೋಡೋಕೆ ಹಾಗೇ ಇರೋ ‘ಸ್ವಿಚ್’ ಕೊಟ್ಟುಬಿಡೋದುಂಟು. ಸ್ವಿಚ್ ಕೆಲಸ ಉಲ್ಟಾ: ಎರಡು ಬಾಕ್ಸ್‌ನ ಒಂದು ಟಿವಿಗೆ ಕೊಡುತ್ತೆ. ಬೇಕಾಗಿರೋದು ಒಂದು ಇನ್, ಎರಡು ಔಟ್, ಜೊತೆಗೆ 5 ವೋಲ್ಟ್ ಅಡಾಪ್ಟರ್ ಇರೋದು. ಕರೆಂಟ್ ಇಲ್ಲದ ಕವಲು ವೈರ್‌ನಲ್ಲಿ ಎರಡು ಟಿವಿ ಒಟ್ಟಿಗೆ ಸರಿಯಾಗಿ ಓಡಲ್ಲ.

ಸ್ಪ್ಲಿಟರ್ ಹಾಕಿದ ಮೇಲೆ ಹಾಲ್ ಟಿವಿಯ ಚಿತ್ರವೂ ಸ್ವಲ್ಪ ಮಂಕಾಯ್ತು ಅನ್ನೋ ದೂರು ಬರುತ್ತೆ. ಒಂದು ಟಿವಿ ಫುಲ್ ಎಚ್‌ಡಿ, ಇನ್ನೊಂದು ಎಚ್‌ಡಿ ರೆಡಿ ಇದ್ರೆ ಸಾಮಾನ್ಯವಾಗಿ ಸ್ಪ್ಲಿಟರ್ ಇಬ್ಬರಿಗೂ ಹೊಂದೋ ಕಡಿಮೆ ಮಟ್ಟವನ್ನೇ ಕಳಿಸುತ್ತೆ. ಚಿತ್ರವೇ ಬರದೆ ಪರದೆ ಕಪ್ಪಾಗಿದ್ರೆ, ನಕಲು ತಡೆಯೋ ಬೀಗವನ್ನ ಒಂದು ಟಿವಿ ಅಥವಾ ಸ್ಪ್ಲಿಟರ್ ಒಪ್ತಿಲ್ಲ ಅಂತ ಅನುಮಾನ ಪಡಿ. ಎಲ್ಲಾ ಆಫ್ ಮಾಡಿ, ಮೊದಲು ಟಿವಿಗಳು, ಆಮೇಲೆ ಸ್ಪ್ಲಿಟರ್, ಕೊನೆಗೆ ಬಾಕ್ಸ್ ಆನ್ ಮಾಡಿ. ಆಗಲೂ ಕಪ್ಪೇ ಇದ್ರೆ ಬೇರೆ ಸ್ಪ್ಲಿಟರ್ ಹಾಕಿ ನೋಡಬೇಕು.

ಒಂದು ಮನೆಯ ಲೆಕ್ಕ

ಹಾಲ್‌ನ ಬಾಕ್ಸ್‌ನಿಂದ ಹಿಂದಿನ ರೂಮಿನ ಟಿವಿಗೆ ಗೋಡೆ ಉದ್ದಕ್ಕೂ 9 ಮೀಟರ್ ಇದೆ ಅಂತ ಇಟ್ಕೊಳ್ಳಿ. ವೈರ್ ಬಾಗಿಲ ಮೇಲೆ ಹೋಗ್ಬೇಕು, ಹತ್ತೋಕೆ 2, ಇಳಿಯೋಕೆ 2 ಮೀಟರ್. ಎರಡೂ ತುದೀಲಿ ಟಿವಿ ಸರಿಸೋಕೆ ಅಂತ ಒಂದೊಂದು ಮೀಟರ್. ಒಟ್ಟು 15 ಮೀಟರ್ ಆಯ್ತು. 9 ಮೀಟರ್ ಅಂತ 10 ಮೀಟರ್ ವೈರ್ ತಂದವರು ಇಲ್ಲೇ ಸಿಕ್ಕಿಬೀಳೋದು.

ಮಾಮೂಲಿ ಎಚ್‌ಡಿಎಂಐ ವೈರ್‌ನ 10 ಮೀಟರ್ ತನಕ ನಂಬಬಹುದು. ಅದಕ್ಕಿಂತ ಉದ್ದ ಆದ್ರೆ ಚುಕ್ಕೆ ಚುಕ್ಕೆ ಬರೋದು, ಆಗಾಗ ಚಿತ್ರ ಹೋಗಿ ಬರೋದು ಶುರುವಾಗುತ್ತೆ. ಈ ಮನೆಗೆ ಸರಿಹೊಂದೋದು ನೆಟ್‌ವರ್ಕ್ ವೈರ್ ಮೇಲೆ ಓಡೋ ಎಚ್‌ಡಿಎಂಐ ಎಕ್ಸ್‌ಟೆಂಡರ್. ಬಾಕ್ಸ್ ಹತ್ರ ಒಂದು ಡಬ್ಬಿ, ಟಿವಿ ಹತ್ರ ಒಂದು ಡಬ್ಬಿ, ಮಧ್ಯೆ ಕ್ಯಾಟ್ 6 ವೈರ್. ಕಳಿಸೋ ಡಬ್ಬೀಲಿ ‘ಲೂಪ್ ಔಟ್’ ಇರೋದನ್ನ ತಗೊಂಡ್ರೆ ಹಾಲ್ ಟಿವಿಯನ್ನ ಅದಕ್ಕೇ ಹಾಕಬಹುದು, ಬೇರೆ ಸ್ಪ್ಲಿಟರ್ ಬೇಡ. ವೈರ್ ಪೂರ್ತಿ ತಾಮ್ರದ್ದಾಗಿರಲಿ, ಅಲ್ಯೂಮಿನಿಯಂಗೆ ತಾಮ್ರ ಲೇಪ ಮಾಡಿದ್ದು ಬೇಡ. ಕರೆಂಟ್ ವೈರ್ ಇರೋ ಪೈಪ್ ಒಳಗೆ ಇದನ್ನ ತೂರಿಸಬೇಡಿ.

ರಿಮೋಟ್ ಮರೀಬೇಡಿ. ಮಾಮೂಲಿ ರಿಮೋಟ್‌ನ ಬೆಳಕು ಗೋಡೆ ದಾಟಲ್ಲ. ಅಜ್ಜಿ ಚಾನೆಲ್ ಬದಲಿಸ್ಬೇಕಂದ್ರೆ ಹಾಲ್‌ಗೇ ಬರಬೇಕಾಗುತ್ತೆ. ಕೆಲವು ಎಕ್ಸ್‌ಟೆಂಡರ್ ಜೊತೆ ‘ಐಆರ್’ ವೈರ್ ಎರಡು ಬರುತ್ತೆ. ಒಂದರ ಕಣ್ಣನ್ನ ರೂಮಿನ ಟಿವಿ ಹತ್ರ ಇಡಬೇಕು, ಇನ್ನೊಂದನ್ನ ಬಾಕ್ಸ್‌ನ ರಿಮೋಟ್ ಕಿಟಕಿ ಎದುರಿಗೆ ಅಂಟಿಸಬೇಕು. ಇವೆರಡು ಅದಲು ಬದಲಾದ್ರೆ ರಿಮೋಟ್ ಕೆಲಸ ಮಾಡಲ್ಲ.

ವೈರ್‌ಲೆಸ್ ಯಾವಾಗ

ಗೋಡೆ ಕೊರೆಯೋ ಹಾಗಿಲ್ಲ, ಬಾಡಿಗೆ ಮನೆ ಅನ್ನೋರಿಗೆ ವೈರ್‌ಲೆಸ್ ಸೆಂಡರ್ ಇದೆ. ಇದರ ಬೆಲೆ ವೈರ್ ಎಕ್ಸ್‌ಟೆಂಡರ್‌ಗಿಂತ ಜಾಸ್ತಿ. ಡಬ್ಬಿ ಮೇಲೆ 30 ಮೀಟರ್, 50 ಮೀಟರ್ ಅಂತ ಬರೆದಿರೋದು ಮಧ್ಯೆ ಏನೂ ಅಡ್ಡ ಇಲ್ಲದ ಬಯಲಿನ ಲೆಕ್ಕ. ಒಂದು ಇಟ್ಟಿಗೆ ಗೋಡೆ ಇದ್ರೆ ಸಾಮಾನ್ಯವಾಗಿ ನಡೆಯುತ್ತೆ. ಎರಡು ಗೋಡೆ ಆದ್ರೆ ಚಿತ್ರ ತಡೆದು ತಡೆದು ಬರಬಹುದು. ಕೆಳಗಿನ ಅಂಗಡಿಯಿಂದ ಮೇಲಿನ ಮನೆಗೆ ಆರ್‌ಸಿಸಿ ಸ್ಲ್ಯಾಬ್ ದಾಟಿಸೋದು ಇನ್ನೂ ಕಷ್ಟ. ಹಾಗಾಗಿ ವಾಪಸ್ ತಗೊಳ್ಳೋ ಮಾತಾದ್ಮೇಲೇ ದುಡ್ಡು ಕೊಡಿ, ಮನೇಲಿ ಬಾಗಿಲು ಮುಚ್ಚಿ ಅರ್ಧ ಗಂಟೆ ಓಡಿಸಿ ನೋಡಿ. ವೈರ್‌ಲೆಸ್‌ನಲ್ಲಿ ಚಿತ್ರ ಸ್ವಲ್ಪ ತಡವಾಗಿ ಬರುತ್ತೆ, ಎರಡೂ ಟಿವಿ ಸೌಂಡ್ ಒಟ್ಟಿಗೆ ಕೇಳಿಸೋ ಮನೇಲಿ ಮಾತು ಎರಡೆರಡು ಸಲ ಕೇಳಿದ ಹಾಗಿರುತ್ತೆ. ಎರಡು ಡಬ್ಬಿಗೂ ಕರೆಂಟ್ ಬೇಕು. ಒಂದು ಕಡೆ ಮಾತ್ರ ಯುಪಿಎಸ್ ಲೈನ್ ಇದ್ರೆ ಕರೆಂಟ್ ಹೋದಾಗ ಆ ಟಿವಿ ನಿಲ್ಲುತ್ತೆ.

ಅಂಗಡಿಯವರಿಗೆ

ಇದೆಲ್ಲಾ ಒಂದೇ ಮನೆಯೊಳಗೆ ಮಾತ್ರ. ಪಕ್ಕದ ಮನೆಗೆ ವೈರ್ ಎಳೆದು ಕೊಡೋದು ಕನೆಕ್ಷನ್ ಷರತ್ತಿಗೆ ವಿರುದ್ಧ. ಮನೆ ಬಾಕ್ಸ್‌ನಿಂದ ಮುಂದಿನ ಹೋಟೆಲ್‌ಗೋ ಸಲೂನ್‌ಗೋ ವೈರ್ ಎಳೆದು ಗಿರಾಕಿಗಳಿಗೆ ಟಿವಿ ಹಾಕೋದೂ ಬೇರೆ ವಿಷಯ. ಗಿರಾಕಿಗಳಿಗೆ ತೋರಿಸೋ ಕನೆಕ್ಷನ್ ವಾಣಿಜ್ಯ ಕನೆಕ್ಷನ್ ಅಂತ ಲೆಕ್ಕ ಆಗಬಹುದು. ಅಂಥವರು ಮೊದಲು ಆಪರೇಟರ್ ಹತ್ರ ಮಾತಾಡಿ, ಆಮೇಲೆ ವೈರ್ ತಗೊಳ್ಳಿ.