‘ಆಗಿಲ್ಲ’ವೋ, ‘ಆಗಲಿಲ್ಲ’ವೋ? ಒಂದು ನಿರಾಕರಣ ಪತ್ರದ ಪರಿಷ್ಕರಣ

ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ನೇಕಾರಿಕೆಯನ್ನು ನಂಬಿದ ಹಲವು ದೇವಾಂಗ ಕುಟುಂಬಗಳು ಮನೆಯಲ್ಲಿ ಕನ್ನಡವಾಡುತ್ತವೆ. ಅವರ ಮಕ್ಕಳ ಓದು ಬಹುಪಾಲು ತಮಿಳಿನಲ್ಲಿ. ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಸೇಲಂನ ನೂಲಿನ ಅಂಗಡಿಯೊಂದಕ್ಕೆ ಬೆಂಗಳೂರಿನ ವ್ಯಾಪಾರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಬಲ್ಲ ಗುಮಾಸ್ತರು ಬೇಕು. ಧರ್ಮಪುರಿಯ ತರುಣಿಯೊಬ್ಬಳು ಸಂದರ್ಶನಕ್ಕೆ ಬಂದು ಹೋಗಿದ್ದಾಳೆ. ಹುದ್ದೆ ಬೇರೊಬ್ಬರಿಗೆ ಸಂದಿದೆ. ಅವಳಿಗೆ ಕಳುಹಿಸಲು ಸಿದ್ಧವಾದ ಕರಡು ಹೀಗಿದೆ:

“ತಮ್ಮ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ತಾವು ಅತ್ಯಂತ ಪ್ರತಿಭಾವಂತರೆಂದು ಕಂಡುಬಂದಿದ್ದರೂ, ಅನಿವಾರ್ಯ ಕಾರಣಗಳಿಂದ ಸದ್ಯಕ್ಕೆ ತಮ್ಮ ಆಯ್ಕೆಯು ಆಗಿಲ್ಲವೆಂದು ವಿಷಾದಪೂರ್ವಕವಾಗಿ ತಿಳಿಸಲಾಗಿದೆ. ತಮ್ಮ ಅರ್ಜಿಯನ್ನು ಮುಂದಿನ ಅವಕಾಶಗಳಿಗಾಗಿ ಪರಿಗಣಿಸಲಾಗುವುದು.”

ಮೇಲ್ನೋಟಕ್ಕೆ ಇದು ಸಭ್ಯವಾದ ಪತ್ರ. ಆದರೆ ಓದಿದವಳು ಇನ್ನೊಂದು ಕೆಲಸಕ್ಕೆ ಒಪ್ಪಿಗೆ ಕೊಡದೆ ಕೆಲವು ತಿಂಗಳು ಕಾದರೆ ತಪ್ಪು ಅವಳದಲ್ಲ. ಕಾಯುವಂತೆ ಹೇಳಿದ್ದು ಈ ಪತ್ರದ ವ್ಯಾಕರಣ.

ಮೊದಲು ‘ಆಗಿಲ್ಲ’ವನ್ನು ನೋಡಿ. ಬರಹದ ಕನ್ನಡದಲ್ಲಿ ‘ಬರಲಿಲ್ಲ’ ಎಂಬುದು ಮುಗಿದುಹೋದ ಸಂಗತಿಯ ನಿಷೇಧ. ‘ಬಂದಿಲ್ಲ’ ಎಂಬುದು ಈ ಗಳಿಗೆಯವರೆಗಿನ ಸ್ಥಿತಿಯ ನಿಷೇಧ. ‘ನಿನ್ನೆ ಬರಲಿಲ್ಲ’, ‘ಇನ್ನೂ ಬಂದಿಲ್ಲ’ ಎಂಬ ಬಳಕೆಗಳನ್ನು ಹೋಲಿಸಿದರೆ ಅಂತರ ತಿಳಿಯುತ್ತದೆ. ಆಡುಮಾತಿನಲ್ಲಿ ಇವೆರಡೂ ಕೆಲವೊಮ್ಮೆ ಬೆರೆಯುವುದುಂಟು. ತಮಿಳಿನ ‘ವರವಿಲ್ಲೈ’ ಎಂಬ ಒಂದೇ ರೂಪ ಎರಡೂ ಅರ್ಥಗಳಿಗೆ ಸಲ್ಲುತ್ತದೆ. ಮರಾಠಿಯ ‘ಆಲಾ ನಾಹೀ’ ಕೂಡ ಸಾಮಾನ್ಯವಾಗಿ ಹಾಗೆಯೇ. ಆದ್ದರಿಂದ ತಮಿಳಿನಲ್ಲಿ ಕಲಿತು ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಆಯ್ಕೆಯಿದೆಯೆಂಬುದೇ ಕಾಣದಿರಬಹುದು. ‘ಆಯ್ಕೆ ಆಗಿಲ್ಲ’ ಎಂದಾಗ ‘ಇನ್ನೂ’ ಎಂಬ ಪದ ಅಲ್ಲಿ ಅಡಗಿ ಕುಳಿತುಕೊಳ್ಳುತ್ತದೆ. ಜೊತೆಗೆ ‘ಸದ್ಯಕ್ಕೆ’ ಸೇರಿದರೆ ಅದು ಹೊರಗೇ ಬರುತ್ತದೆ. ನಿರ್ಧಾರ ಮುಗಿದಿರುವುದರಿಂದ ‘ಆಯ್ಕೆಯಾಗಲಿಲ್ಲ’ ಎಂಬುದೇ ಸರಿ. ‘ನಿಮ್ಮನ್ನು ಆಯ್ಕೆ ಮಾಡಲಿಲ್ಲ’ ಎಂದರೂ ಅರ್ಥ ಖಚಿತವೇ. ಆದರೆ ‘ಮಾಡು’ ಧಾತು ನಿರಾಕರಿಸಿದ ಕೈಯನ್ನು ಮುಂದಕ್ಕೆ ಚಾಚುತ್ತದೆ, ‘ಆಗು’ ಧಾತು ಅದನ್ನು ತುಸು ಹಿಂದೆ ಸರಿಸುತ್ತದೆ. ಖಚಿತತೆಗೆ ಕುಂದಿಲ್ಲದೆ ಸಿಗುವ ಮಾರ್ದವವಿದು.

ಎರಡನೆಯದು ‘ಪರಿಗಣಿಸಲಾಗುವುದು’. ಕರ್ತೃವಿಲ್ಲದ ಈ ಕರ್ಮಣಿ ಪ್ರಯೋಗದಲ್ಲಿ ಭರವಸೆಯುಂಟು, ಭರವಸೆ ಕೊಟ್ಟವರಿಲ್ಲ. ಯಾರು, ಯಾವಾಗ ಪರಿಗಣಿಸುತ್ತಾರೆಂದು ಕೇಳಿದರೆ ಉತ್ತರವಿಲ್ಲ. ಇದನ್ನು ‘ನಾವು ಪರಿಗಣಿಸುತ್ತೇವೆ’ ಎಂದು ಕರ್ತರಿಗೆ ತಿರುಗಿಸಿ, ಅಂಗಡಿಯ ಮಾಲೀಕರು ಅದಕ್ಕೆ ಸಹಿ ಮಾಡುವರೇ ಎಂದು ವಿಚಾರಿಸಬೇಕು. ಮಾಡಲಾರರಾದರೆ ಆ ವಾಕ್ಯವನ್ನು ತೆಗೆದುಹಾಕತಕ್ಕದ್ದು.

ಮೂರನೆಯದು ವಾಕ್ಯದ ಉದ್ದ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ವಾಕ್ಯ ಬೆಳೆದಷ್ಟೂ ‘ಇಲ್ಲ’ ದೂರವಾಗುತ್ತದೆ. ಕರಡಿನಲ್ಲಿ ಹೊಗಳಿಕೆ ಮೊದಲು ಬಂದು ಓದುಗಳನ್ನು ಮೇಲೇರಿಸುತ್ತದೆ. ‘ಇದ್ದರೂ’ ಎಂಬಲ್ಲಿ ಅವಳು ಜಾರುತ್ತಾಳೆ. ವಾಕ್ಯವನ್ನು ಒಡೆದು, ತೀರ್ಮಾನವನ್ನು ಮುಂದಿಟ್ಟು, ಮೆಚ್ಚುಗೆಯನ್ನು ಅದರ ಬಳಿಕ ಇಡಬೇಕು. ‘ಅತ್ಯಂತ ಪ್ರತಿಭಾವಂತರು’ ಎಂಬ ಮಾತು ಯಾರಿಗಾದರೂ ಹೊಂದುತ್ತದೆ. ಆದುದರಿಂದ ಯಾರಿಗೂ ಸೇರುವುದಿಲ್ಲ. ಸಂದರ್ಶನದಲ್ಲಿ ಕಣ್ಣಾರೆ ಕಂಡ ಒಂದು ಗುಣವನ್ನು ಹೇಳಿದರೆ ಸಾಕು.

ಇಷ್ಟನ್ನೂ ತಿದ್ದಿದ ಮೇಲೆ ಪತ್ರ ಹೀಗಾಗುತ್ತದೆ:

“ಮಾನ್ಯರೆ, ಗುಮಾಸ್ತರ ಹುದ್ದೆಯ ಸಂದರ್ಶನಕ್ಕೆ ಧರ್ಮಪುರಿಯಿಂದ ಬಂದುದಕ್ಕೆ ಕೃತಜ್ಞತೆಗಳು. ಆ ಹುದ್ದೆಗೆ ನೀವು ಆಯ್ಕೆಯಾಗಲಿಲ್ಲ; ಬೇರೊಬ್ಬರನ್ನು ನೇಮಿಸಿದ್ದೇವೆ. ಪತ್ರವ್ಯವಹಾರದ ಜೊತೆಗೆ ಲೆಕ್ಕ ಬರೆದು ಅನುಭವವಿರುವವರು ನಮಗೆ ಬೇಕಿತ್ತು. ಸಂದರ್ಶನದಲ್ಲಿ ನೀವು ಬರೆದ ಕನ್ನಡ ಪತ್ರ ಸ್ಪಷ್ಟವಾಗಿಯೂ ತಪ್ಪಿಲ್ಲದೆಯೂ ಇತ್ತು. ನಿಮ್ಮ ಮೂಲ ಪ್ರಮಾಣಪತ್ರಗಳನ್ನು ಇದರೊಡನೆ ಹಿಂದಿರುಗಿಸಿದ್ದೇವೆ.”

‘ನೇಮಿಸಿದ್ದೇವೆ’ ಎಂಬಲ್ಲಿ ಅಂಗಡಿಯವರು ತೀರ್ಮಾನದ ಹೊಣೆ ಹೊತ್ತಿದ್ದಾರೆ. ‘ತಾವು’ ಹೋಗಿ ‘ನೀವು’ ಬಂದರೂ ಗೌರವ ಕುಗ್ಗಲಿಲ್ಲ. ಕಾರಣವನ್ನು ಹೇಳಿರುವುದು ಅದು ನಿಜವಾಗಿರುವುದರಿಂದ ಮತ್ತು ಮುಂದಿನ ಅರ್ಜಿಗೆ ಅವಳಿಗೆ ಉಪಯೋಗವಾಗುವುದರಿಂದ. ನಿಜವಾದ ಕಾರಣ ಹೇಳಲಾಗದಂಥದಾದರೆ ಸುಳ್ಳು ಕಾರಣವನ್ನು ಹೊಸೆಯದೆ ಮೌನವಾಗಿರುವುದು ಮೇಲು. ಮಾಲೀಕರು ಹುದ್ದೆಯನ್ನೇ ಕೈಬಿಟ್ಟಿದ್ದರೆ ‘ಬೇರೊಬ್ಬರನ್ನು ನೇಮಿಸಿದ್ದೇವೆ’ ಎಂದು ಬರೆಯುವುದೂ ಸಲ್ಲದು.

ಪರಿಷ್ಕರಿಸಿದ ಪತ್ರವನ್ನು ವಿಷಯವರಿಯದ ಒಬ್ಬರ ಕೈಗಿತ್ತು, ‘ಇವರಿಗೆ ಕೆಲಸ ಸಿಕ್ಕಿತೇ? ಇವರು ಇನ್ನೂ ಕಾಯಬೇಕೇ?’ ಎಂಬ ಎರಡು ಪ್ರಶ್ನೆ ಕೇಳಿ. ಮೊದಲನೆಯದಕ್ಕೆ ‘ಇಲ್ಲ’, ಎರಡನೆಯದಕ್ಕೆ ‘ಬೇಡ’ ಎಂಬ ಉತ್ತರ ತಡವರಿಸದೆ ಬಂದರೆ ಪತ್ರವನ್ನು ಅಂಚೆಗೆ ಹಾಕಬಹುದು.