ಸಂಪತ್ತಿನ ಮೊದಲ ದಶಕ: ಉಳಿತಾಯದ ಪ್ರಮಾಣವೂ ಬಡ್ಡಿಯ ದರವೂ

ಚಕ್ರಬಡ್ಡಿಯ ಮಹಿಮೆಯನ್ನು ಕೊಂಡಾಡಿದವರಲ್ಲಿ ರಿಚರ್ಡ್ ಪ್ರೈಸನಷ್ಟು ಉತ್ಸಾಹಿ ಮತ್ತೊಬ್ಬನಿರಲಾರನು. ವೇಲ್ಸ್ ದೇಶದಲ್ಲಿ ಹುಟ್ಟಿದ ಈತನು ಕ್ರೈಸ್ತ ಧರ್ಮೋಪದೇಶಕ, ಗಣಿತದಲ್ಲಿಯೂ ಪರಿಣತ. ಕ್ರಿಸ್ತನು ಹುಟ್ಟಿದ ವರ್ಷದಲ್ಲಿ ಒಂದು ಪೆನ್ನಿಯನ್ನು ಶೇಕಡ 5ರ ಚಕ್ರಬಡ್ಡಿಗೆ ಹಾಕಿದ್ದರೆ ಅದು ತನ್ನ ಕಾಲಕ್ಕೆ ಕೋಟ್ಯಂತರ ಭೂಗೋಲಗಳ ಗಾತ್ರದ ಗಟ್ಟಿ ಚಿನ್ನಕ್ಕೆ ಸಮನಾಗುತ್ತಿತ್ತೆಂದು ಆತನು 1772ರಲ್ಲಿ ಪ್ರಕಟಿಸಿದ ಒಂದು ಪುಸ್ತಿಕೆಯಲ್ಲಿ ವಾದಿಸಿದನು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ಪೆನ್ನಿಗೆ ಹದಿನೇಳು ಶತಮಾನಗಳ ಆಯುಸ್ಸಿದ್ದಿತೆಂಬುದನ್ನು ಮರೆಯಬಾರದು. ಈಗತಾನೆ ಉದ್ಯೋಗಕ್ಕೆ ಸೇರಿ ನಾಲ್ಕು ಕಾಸು ಕೂಡಿಡಲು ತೊಡಗಿರುವವನ ಮುಂದಿರುವುದು ಹತ್ತು ವರ್ಷ. ಆ ಹತ್ತು ವರ್ಷಗಳಲ್ಲಿ ಬಡ್ಡಿಯ ಕೆಲಸವೆಷ್ಟು, ಉಳಿತಾಯದ ಕೆಲಸವೆಷ್ಟು ಎಂಬುದೇ ಪ್ರಕೃತ ಲೇಖನದ ವಿಷಯ.

ಪ್ರೈಸನ ವಿಚಾರಗಳು ಪುಸ್ತಕದಲ್ಲಿಯೇ ಉಳಿಯಲಿಲ್ಲ. ಇಂಗ್ಲೆಂಡಿನ ಪ್ರಧಾನಿ ಕಿರಿಯ ಪಿಟ್ಟನು 1786ರಲ್ಲಿ ರಾಷ್ಟ್ರದ ಸಾಲವನ್ನು ತೀರಿಸಲು ಒಂದು ಋಣವಿಮೋಚನ ನಿಧಿಯನ್ನು ಸ್ಥಾಪಿಸಿದನು. ವರ್ಷಕ್ಕೆ 10 ಲಕ್ಷ ಪೌಂಡುಗಳನ್ನು ತೆಗೆದಿಟ್ಟು ಅದರಿಂದ ಸಾಲಪತ್ರಗಳನ್ನು ಕೊಳ್ಳುವುದು, ಕೊಂಡ ಪತ್ರಗಳ ಬಡ್ಡಿಯನ್ನೂ ಅದೇ ನಿಧಿಗೆ ಸೇರಿಸಿ ಮತ್ತಷ್ಟು ಕೊಳ್ಳುವುದು, ಇದು ಅದರ ಕ್ರಮ. ಆಗ ಸಾಲವಿದ್ದುದು ಸುಮಾರು 24 ಕೋಟಿ ಪೌಂಡು. ಪ್ರೈಸನ ಪ್ರಿಯವಾದ ಶೇಕಡ 5ರ ದರದಲ್ಲಿಯೇ ಇದನ್ನು ಲೆಕ್ಕ ಹಾಕಿ ನೋಡೋಣ. ಹತ್ತು ವರ್ಷಗಳ ಅಂತ್ಯಕ್ಕೆ ನಿಧಿಯಲ್ಲಿ ಸುಮಾರು 1 ಕೋಟಿ 26 ಲಕ್ಷ ಪೌಂಡುಗಳಿರುತ್ತವೆ. ಅದರಲ್ಲಿ ಒಂದು ಕೋಟಿ ತೆರಿಗೆಯ ಹಣದಿಂದ ತೆಗೆದಿಟ್ಟದ್ದು. ಬಡ್ಡಿಯ ಪಾಲು 26 ಲಕ್ಷ, ಎಂದರೆ ಐದರಲ್ಲೊಂದು ಭಾಗ. ಆದುದರಿಂದ ನಿಧಿಯ ಭವಿಷ್ಯವೆಲ್ಲವೂ ಆ ವಾರ್ಷಿಕ ಹತ್ತು ಲಕ್ಷವು ನಿಜವಾದ ಉಳಿತಾಯವೇ ಎಂಬುದನ್ನು ಅವಲಂಬಿಸಿದ್ದಿತು.

ಮೊದಲ ಕೆಲವು ವರ್ಷ ಅದು ನಿಜವಾದ ಉಳಿತಾಯವೇ ಆಗಿದ್ದಿತು. 1793ರಲ್ಲಿ ಫ್ರಾನ್ಸಿನೊಡನೆ ಯುದ್ಧವು ಆರಂಭವಾದ ಮೇಲೆ ಆದಾಯಕ್ಕಿಂತ ವೆಚ್ಚವು ಮೀರಿಹೋಯಿತು. ಆದರೂ ಸರ್ಕಾರವು ನಿಧಿಗೆ ಹಣ ತುಂಬುವುದನ್ನು ನಿಲ್ಲಿಸಲಿಲ್ಲ. ಸಾಲ ತಂದು ತುಂಬಿತು! ಒಂದು ಕೈಯಲ್ಲಿ ಹಳೆಯ ಸಾಲಪತ್ರವನ್ನು ಕೊಂಡು ಮತ್ತೊಂದು ಕೈಯಲ್ಲಿ ಹೊಸದನ್ನು ಮಾರುತ್ತಿದ್ದುದರಿಂದ ನಿಧಿಯು ಪುಸ್ತಕದಲ್ಲಿ ಬೆಳೆಯಿತು, ಸಾಲವು ಅದಕ್ಕಿಂತ ವೇಗವಾಗಿ ಬೆಳೆಯಿತು. 1815ರಲ್ಲಿ ಶಾಂತಿಯಾಗುವ ವೇಳೆಗೆ ರಾಷ್ಟ್ರದ ಋಣವು 80 ಕೋಟಿ ಪೌಂಡನ್ನು ದಾಟಿದ್ದಿತು. ಅಬರ್ಡೀನಿನ ಪ್ರಾಧ್ಯಾಪಕ ರಾಬರ್ಟ್ ಹ್ಯಾಮಿಲ್ಟನ್ನನು 1813ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಭ್ರಮೆಯನ್ನು ಬಯಲು ಮಾಡಿದನು. ವೆಚ್ಚವನ್ನು ಮೀರಿದ ಆದಾಯವೊಂದೇ ಸಾಲವನ್ನು ತಗ್ಗಿಸಬಲ್ಲುದು, ಚಕ್ರಬಡ್ಡಿಯ ಯಾವ ಏರ್ಪಾಡೂ ಅದರ ಸ್ಥಾನವನ್ನು ತುಂಬಲಾರದು ಎಂಬುದು ಆತನ ವಾದ. 1829ರಲ್ಲಿ ಪಿಟ್ಟನ ನಿಧಿಯನ್ನು ರದ್ದುಮಾಡಲಾಯಿತು.

ಇನ್ನು ರಾಜ್ಯದ ಬೊಕ್ಕಸದಿಂದ ಮನೆಯ ಬೊಕ್ಕಸಕ್ಕೆ ಬರೋಣ. ವರ್ಷಕ್ಕೆ 6 ಲಕ್ಷ ರೂಪಾಯಿ ಕೈಗೆ ಬರುವ ಒಬ್ಬ ಯುವ ಅಧ್ಯಾಪಕನು ಅದರ ಹತ್ತನೆಯ ಒಂದು ಭಾಗವನ್ನು, ಎಂದರೆ 60,000 ರೂಪಾಯಿಗಳನ್ನು, ಪ್ರತಿ ವರ್ಷದ ಕೊನೆಯಲ್ಲಿ ಶೇಕಡ 6ರಂತೆ ಹೂಡುತ್ತಾನೆನ್ನೋಣ. ಲೆಕ್ಕ ಸರಳವಾಗಲೆಂದು ಸಂಬಳದ ಏರಿಕೆಯನ್ನು ಬಿಟ್ಟಿದ್ದೇನೆ. ಹತ್ತು ವರ್ಷಗಳಿಗೆ ಆತನ ಬಳಿ ಸುಮಾರು 7 ಲಕ್ಷ 91 ಸಾವಿರವಿರುತ್ತದೆ. ಇದನ್ನು ಹೆಚ್ಚಿಸಲು ಎರಡು ಮಾರ್ಗಗಳುಂಟು. ಹೂಡಿಕೆಯ ಫಲವನ್ನು ಹೇಗೋ ಇಮ್ಮಡಿಸಿ ಶೇಕಡ 12 ಮಾಡಿಕೊಂಡನೆಂದರೆ ಮೊತ್ತವು 10 ಲಕ್ಷ 53 ಸಾವಿರವಾಗುತ್ತದೆ. ಹೆಚ್ಚಳವು ಮೂರನೆಯ ಒಂದು ಭಾಗ. ಬಡ್ಡಿಯನ್ನು ಹಾಗೆಯೇ ಬಿಟ್ಟು ಉಳಿತಾಯವನ್ನು ಶೇಕಡ 20ಕ್ಕೆ ಏರಿಸಿದನೆಂದರೆ 15 ಲಕ್ಷ 82 ಸಾವಿರವಾಗುತ್ತದೆ. ಹೆಚ್ಚಳವು ಪೂರ್ತಿ ಇಮ್ಮಡಿ.

ಕಾರಣವು ಗೂಢವಲ್ಲ. ಬಡ್ಡಿಗೆ ಬೇಕಾದುದು ಕಾಲ. ಮೊದಲ ವರ್ಷ ಇಟ್ಟ ಹಣವು ಒಂಬತ್ತು ವರ್ಷ ದುಡಿಯುತ್ತದೆ, ಹತ್ತನೆಯ ವರ್ಷ ಇಟ್ಟದ್ದು ಒಂದು ದಿನವೂ ದುಡಿಯುವುದಿಲ್ಲ. ಸರಾಸರಿ ಹಿಡಿದರೆ ಪ್ರತಿಯೊಂದು ರೂಪಾಯಿಗೂ ದಕ್ಕುವುದು ನಾಲ್ಕೂವರೆ ವರ್ಷದ ದುಡಿಮೆ ಮಾತ್ರ. ಶೇಕಡ 6ರ ದರದಲ್ಲಿ ಒಂದು ವರ್ಷದ ಬಡ್ಡಿಯು ಆ ವರ್ಷ ಇಡುವ ಹಣವನ್ನು ಮೊದಲ ಬಾರಿಗೆ ಮೀರುವುದು ಹದಿಮೂರನೆಯ ವರ್ಷದಲ್ಲಿ. ಇಷ್ಟೇ ಅಲ್ಲ, ಹೆಚ್ಚು ಉಳಿಸುವವನು ಕಡಮೆಯಲ್ಲಿ ಬದುಕಲು ಕಲಿತಿರುತ್ತಾನೆ. ಶೇಕಡ 12 ಗಳಿಸಿದವನ ಗಂಟು ಆತನ ಮನೆವಾರ್ತೆಗೆ ಎರಡು ವರ್ಷಕ್ಕೂ ಸಾಲದು. ಶೇಕಡ 20 ಉಳಿಸಿದವನ ಗಂಟು ಮೂರು ವರ್ಷ ದಾಟಿ ಬರುತ್ತದೆ.

ಹಾಗೆಂದು ಬಡ್ಡಿಯನ್ನು ಅಲ್ಲಗಳೆಯುವುದು ಪ್ರೈಸನ ತಪ್ಪಿಗೆ ಎದುರಾದ ಮತ್ತೊಂದು ತಪ್ಪಾದೀತು. ಮೇಲಿನ ಉದಾಹರಣೆಯನ್ನೇ ಮುಂದುವರಿಸಿದರೆ ಇಪ್ಪತ್ತೊಂದನೆಯ ವರ್ಷಕ್ಕೆ ಎರಡು ಮಾರ್ಗಗಳೂ ಹೆಚ್ಚುಕಡಮೆ ಸಮನಾಗುತ್ತವೆ. ಮೂವತ್ತನೆಯ ವರ್ಷಕ್ಕೆ ಬಡ್ಡಿಯನ್ನು ಇಮ್ಮಡಿಸಿದವನ ಮೊತ್ತವು ಮುಮ್ಮಡಿಯಾಗಿರುತ್ತದೆ. ಉಳಿತಾಯವನ್ನು ಇಮ್ಮಡಿಸಿದವನದು ಇಮ್ಮಡಿಯಲ್ಲಿಯೇ ನಿಂತಿರುತ್ತದೆ. ಪ್ರೈಸನ ಪೆನ್ನಿ ಆಗ ತನ್ನ ಪ್ರತಾಪವನ್ನು ತೋರಿಸಲಾರಂಭಿಸುತ್ತದೆ.

ಆದರೆ ದರವನ್ನು ಇಮ್ಮಡಿಸುವುದು ಯಾರ ಕೈಯಲ್ಲಿದೆ? 1968ರಲ್ಲಿ ಆರಂಭವಾದ ಪಬ್ಲಿಕ್ ಪ್ರಾವಿಡೆಂಟ್ ಫಂಡಿನಲ್ಲಿ ಹಣವಿಟ್ಟವರಿಗೆ 1986ರಿಂದ 2000ದ ಆರಂಭದವರೆಗೆ ಶೇಕಡ 12 ಬಡ್ಡಿ ದೊರೆಯಿತು. 2020ರ ಏಪ್ರಿಲಿನಲ್ಲಿ ಅದೇ ನಿಧಿಯ ದರವು 7.1ಕ್ಕೆ ಇಳಿಯಿತು. ಇಟ್ಟವರ ಜಾಣತನವಾಗಲಿ ದಡ್ಡತನವಾಗಲಿ ಇದಕ್ಕೆ ಕಾರಣವಲ್ಲ. ಷೇರುಗಳ ಕಡೆಗೆ ತಿರುಗಿದರೆ, 2008ರ ಒಂದೇ ವರ್ಷದಲ್ಲಿ ಮುಂಬಯಿಯ ಸೆನ್ಸೆಕ್ಸ್ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ಅಂತಹ ಕುಸಿತವು ಎರಡನೆಯ ವರ್ಷದಲ್ಲಿ ಬಂದರೆ ಹೋಗುವುದು ಕೆಲವು ಸಾವಿರ. ಇಪ್ಪತ್ತೈದನೆಯ ವರ್ಷದಲ್ಲಿ ಬಂದರೆ ಹೋಗುವುದು ಅರ್ಧ ಜೀವಮಾನದ ಸಂಗ್ರಹ. ಉಳಿತಾಯದ ಪ್ರಮಾಣವು ಬಹುಮಟ್ಟಿಗೆ ನಮ್ಮ ಅಧೀನವೆಂದೆನಾದರೂ ಅದು ಎಲ್ಲರ ವಿಷಯದಲ್ಲಿಯೂ ನಿಜವಲ್ಲ. ಅಕ್ಕಿಗೂ ಬಾಡಿಗೆಗೂ ಸಂಬಳ ಸರಿಹೋಗುವವನಿಗೆ ಶೇಕಡ 20ರ ಮಾತು ಹೇಳುವುದು ಕ್ರೂರವಾದ ವಿನೋದ. ಆತನ ಪ್ರಶ್ನೆ ಆದಾಯದ್ದು.

ಪಿಟ್ಟನ ತಪ್ಪನ್ನು ಮನೆಗಳಲ್ಲಿಯೂ ನಿತ್ಯ ಕಾಣಬಹುದು. ನಮ್ಮ ಅಧ್ಯಾಪಕನ ನಿಧಿಯಲ್ಲಿ ವರ್ಷಾರಂಭಕ್ಕೆ 4,00,000 ರೂಪಾಯಿ ಇದ್ದಿತು, ಕೈಸಾಲ 1,00,000. ಆ ವರ್ಷ ಆತನು ನಿಧಿಗೆ 1,20,000 ಕಟ್ಟಿದನು; ಶೇಕಡ 7.1ರಂತೆ 28,400 ಬಡ್ಡಿಯೂ ಸೇರಿ ನಿಧಿಯು 5,48,400 ಆಯಿತು. ಆದರೆ ಹಬ್ಬ, ಮದುವೆ, ಹೊಸ ಮೊಬೈಲು ಇತ್ಯಾದಿಗಳಿಂದ ಸಾಲವು 1,80,000ಕ್ಕೆ ಏರಿದ್ದಿತು. ಸಾಲ ಕಳೆದು ಉಳಿಯುವ ಆಸ್ತಿಯು 3,00,000ದಿಂದ 3,68,400 ಆಯಿತು. ಈ 68,400ರಲ್ಲಿ ಬಡ್ಡಿಯನ್ನು ತೆಗೆದರೆ ಉಳಿಯುವುದು 40,000. ಪಾಸ್ ಪುಸ್ತಕವು ಶೇಕಡ 20 ಎನ್ನುತ್ತದೆ. ನಿಜವಾದ ಉಳಿತಾಯವು ಶೇಕಡ 7ನ್ನೂ ಮುಟ್ಟುವುದಿಲ್ಲ. ಜೊತೆಗೆ ಕೈಸಾಲದ ಬಡ್ಡಿಯು ಸಾಮಾನ್ಯವಾಗಿ ನಿಧಿಯ ಬಡ್ಡಿಗಿಂತ ಹೆಚ್ಚಾಗಿರುವುದರಿಂದ ಮುಂದಿನ ವರ್ಷದ ಉಳಿತಾಯವೂ ಸವೆಯುತ್ತದೆ. ಮನೆ ಕಟ್ಟಲು ತಂದ ಸಾಲವನ್ನು ಇದೇ ರೀತಿಯಲ್ಲಿ ಎಣಿಸುವಾಗ ಮನೆಗೆ ಬಿದ್ದ ಖರ್ಚನ್ನು ಆಸ್ತಿಯ ಕಡೆಗೆ ಬರೆಯಬೇಕು. ಇಲ್ಲವಾದರೆ ಲೆಕ್ಕವು ವಿರುದ್ಧ ದಿಕ್ಕಿನಲ್ಲಿ ತಪ್ಪುತ್ತದೆ.